ಸ್ಟೀಮ್‌ನ ತಿಂಗಳ ಪಾವತಿ ಪಟ್ಟಿಯನ್ನು ಓದುವ ಕ್ರಮ: ಒಟ್ಟು ಮಾರಾಟದಿಂದ ಬ್ಯಾಂಕ್ ಖಾತೆಯವರೆಗೆ

ಸಣ್ಣ ಗೇಮೊಂದನ್ನು ಮಾಡಿ ಕಂಪ್ಯೂಟರ್ ಗೇಮ್‌ಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಲ್ಲಿ ಮಾರಾಟಕ್ಕಿಟ್ಟವರು ಮೊದಲ ತಿಂಗಳ ಪಟ್ಟಿಯನ್ನು ತೆರೆದಾಗ ಸಾಮಾನ್ಯವಾಗಿ ಎರಡೇ ಅಂಕಿಗಳನ್ನು ನೋಡುತ್ತಾರೆ: ಮೇಲಿನ ಒಟ್ಟು ಮಾರಾಟ ಮತ್ತು ಕೆಳಗಿನ ಪಾವತಿ ಮೊತ್ತ. ‘ಸ್ಟೀಮ್ ನೂರಕ್ಕೆ ಮೂವತ್ತು ಹಿಡಿಯುತ್ತದೆ’ ಎಂಬ ಮಾತನ್ನು ಎಲ್ಲರೂ ಕೇಳಿರುತ್ತಾರಾದ್ದರಿಂದ ಎಪ್ಪತ್ತು ಬರಬೇಕಿತ್ತಲ್ಲ, ಐವತ್ತನಾಲ್ಕೇ ಏಕೆ ಬಂತು ಎಂಬ ಪ್ರಶ್ನೆ ಕೂಡಲೇ ಏಳುತ್ತದೆ. ಉತ್ತರವೆಲ್ಲ ಆ ಎರಡು ಅಂಕಿಗಳ ನಡುವಿನ ಸಾಲುಗಳಲ್ಲಿದೆ. ಪ್ರತಿ ಸಾಲಿನಲ್ಲೂ ಶೇಕಡಾ ಲೆಕ್ಕವೊಂದಿರುತ್ತದೆ, ಆದರೆ ಯಾವುದರ ಮೇಲಿನ ಶೇಕಡಾ ಎಂಬುದು ಸಾಲಿನಿಂದ ಸಾಲಿಗೆ ಬದಲಾಗುತ್ತದೆ. ಪಟ್ಟಿಯನ್ನು ತಪ್ಪಾಗಿ ಓದುವವರು ಬಹುತೇಕ ಎಡವುವುದು ಇಲ್ಲಿಯೇ.

ಈ ಬರಹದಲ್ಲಿ ಒಂದೇ ಗೇಮಿನ ಮೂರು ತಿಂಗಳ ಲೆಕ್ಕವನ್ನು ಮೊದಲಿನಿಂದ ಕೊನೆಯವರೆಗೆ ಬಿಡಿಸಿ ನೋಡೋಣ. ಧಾರವಾಡದಲ್ಲಿ ಕುಳಿತು ಒಬ್ಬರೇ ಮಾಡಿದ ಗೇಮ್ ಎಂದಿಟ್ಟುಕೊಳ್ಳಿ. ಅದು 2025ರ ಅಕ್ಟೋಬರ್ 1ರಂದು ಮಾರಾಟಕ್ಕೆ ಬಂದಿದೆ, ಮಾಡಿದವರು ಕಂಪನಿ ಕಟ್ಟಿಕೊಳ್ಳದೆ ವ್ಯಕ್ತಿಯಾಗಿಯೇ ನೋಂದಾಯಿಸಿಕೊಂಡಿದ್ದಾರೆ, ಮತ್ತು ಅಮೆರಿಕದ ತೆರಿಗೆ ನಮೂನೆಯನ್ನು ಸರಿಯಾಗಿ ತುಂಬಿದ್ದಾರೆ. ಗೇಮ್ ಕಲ್ಪಿತವಾದದ್ದು, ಅಂಕಿಗಳನ್ನು ಲೆಕ್ಕ ಸುಲಭವಾಗಲೆಂದು ಆರಿಸಿಕೊಂಡಿದ್ದೇನೆ. ದರಗಳು ಮತ್ತು ನಿಯಮಗಳು ಮಾತ್ರ ನಿಜವಾದವು.

ಮೊದಲು ಯಾವ ತಿಂಗಳ ಪಟ್ಟಿ ಎಂದು ನೋಡಿ

ಪಟ್ಟಿಯ ತಲೆಯಲ್ಲಿರುವ ತಿಂಗಳು ಮಾರಾಟ ನಡೆದ ತಿಂಗಳೇ ಹೊರತು ಹಣ ಬಂದ ತಿಂಗಳಲ್ಲ. ಅಕ್ಟೋಬರ್‌ನಲ್ಲಿ ನಡೆದ ಮಾರಾಟದ ಹಣವನ್ನು ಸ್ಟೀಮ್ ನಡೆಸುವ ವಾಲ್ವ್ ಕಂಪನಿಯು ನವೆಂಬರ್ ಕೊನೆಯೊಳಗೆ ಕಳುಹಿಸುತ್ತದೆ. ಹಾಗಾಗಿ ನವೆಂಬರ್ ಕೊನೆಯಲ್ಲಿ ಖಾತೆಗೆ ಬಂದ ಹಣವನ್ನು ನವೆಂಬರ್ ಪಟ್ಟಿಯೊಂದಿಗೆ ಹೋಲಿಸಿದರೆ ಯಾವುದೂ ತಾಳೆಯಾಗದು. ಇದು ಹೇಳಿಸಿಕೊಳ್ಳಬೇಕಾದ ಮಾತೇ ಅಲ್ಲ ಎನಿಸಬಹುದು, ಆದರೆ ‘ಲೆಕ್ಕ ತಪ್ಪಿದೆ’ ಎಂಬ ದೂರುಗಳಲ್ಲಿ ಎಷ್ಟೋ ಇಲ್ಲಿಗೇ ಮುಗಿಯುತ್ತವೆ.

ಎರಡನೆಯದಾಗಿ, ಪಾವತಿಯ ಸಾರಾಂಶವನ್ನಷ್ಟೇ ನೋಡದೆ ದೇಶವಾರು ವಿವರವಿರುವ ಮಾರಾಟ ವರದಿಯನ್ನು ಸಿಎಸ್‌ವಿ ಕಡತವಾಗಿ ಇಳಿಸಿಕೊಳ್ಳಬೇಕು. ಸಾರಾಂಶದಲ್ಲಿ ಎಲ್ಲ ದೇಶಗಳ ಮೊತ್ತ ಒಟ್ಟಾಗಿ ಕೂಡಿಹೋಗಿರುತ್ತದೆ. ತೆರಿಗೆಯ ಸಾಲನ್ನು ಪರಿಶೀಲಿಸಲು ಅಮೆರಿಕದ ಮಾರಾಟ ಪ್ರತ್ಯೇಕವಾಗಿ ಬೇಕಾಗುತ್ತದೆಯಾದ್ದರಿಂದ ಸಾರಾಂಶವೊಂದೇ ಸಾಲದು. ಆ ಕಡತದಲ್ಲಿ ಹತ್ತಾರು ಕಾಲಂಗಳಿರುತ್ತವೆ, ನಮ್ಮ ಕೆಲಸಕ್ಕೆ ಬೇಕಾದವು ಇಷ್ಟೇ:

```
Country Code
Gross Units Sold
Gross Steam Sales (USD)
Chargeback/Returns (USD)
VAT/Tax (USD)
Net Steam Sales (USD)
```

ಒಟ್ಟು ಮಾರಾಟ: ಇದು ನಿಮ್ಮ ಹಣವಲ್ಲ

`Gross Steam Sales (USD)` ಎಂಬ ಕಾಲಂನಲ್ಲಿರುವುದು ಆಟಗಾರರು ತೆತ್ತ ಹಣ. ಅದರಲ್ಲಿ ಆಯಾ ದೇಶದ ಸರಕಾರಕ್ಕೆ ಸೇರಬೇಕಾದ ತೆರಿಗೆಯೂ ಇದೆ, ಆಮೇಲೆ ಗೇಮ್ ಹಿಂತಿರುಗಿಸಿ ಹಣ ವಾಪಸ್ ಪಡೆದವರ ಮೊತ್ತವೂ ಇದೆ. ರಿಯಾಯಿತಿ ಇದ್ದ ದಿನಗಳಲ್ಲಿ ರಿಯಾಯಿತಿ ಬೆಲೆಯೇ ಇಲ್ಲಿ ಕಾಣುತ್ತದೆಯಾದ್ದರಿಂದ ಪ್ರತಿಗಳ ಸಂಖ್ಯೆಯನ್ನು ಮೂಲ ಬೆಲೆಯಿಂದ ಗುಣಿಸಿ ತಾಳೆ ನೋಡಲು ಹೋಗಬಾರದು. ರೂಪಾಯಿ, ಯೂರೋ ಮೊದಲಾದವುಗಳಲ್ಲಿ ಬಂದ ಹಣವನ್ನು ಸ್ಟೀಮ್ ತಾನೇ ಡಾಲರಿಗೆ ಪರಿವರ್ತಿಸಿ ತೋರಿಸುವುದರಿಂದ, ನಾವು ಅಂದಿನ ವಿನಿಮಯ ದರವನ್ನು ಹುಡುಕಿ ಲೆಕ್ಕ ಹಾಕಿದರೂ ಸೆಂಟುಗಳಲ್ಲಿ ವ್ಯತ್ಯಾಸ ಉಳಿಯುತ್ತದೆ. ಆ ವ್ಯತ್ಯಾಸದ ಬೆನ್ನು ಹತ್ತುವುದು ವ್ಯರ್ಥ ಶ್ರಮ.

ನಮ್ಮ ಗೇಮಿನ ಅಕ್ಟೋಬರ್ ಲೆಕ್ಕ ಹೀಗಿದೆ. ಅಮೆರಿಕದಲ್ಲಿ 10 ಡಾಲರ್‌ನಂತೆ 40 ಪ್ರತಿ ಮಾರಾಟವಾಗಿ 400 ಡಾಲರ್ ಬಂದಿದೆ. ಭಾರತದಲ್ಲಿ ಬೆಲೆ ಕಡಿಮೆ ಇಟ್ಟಿರುವುದರಿಂದ ಡಾಲರ್ ಲೆಕ್ಕದಲ್ಲಿ 5.90ರಂತೆ 60 ಪ್ರತಿಗಳಿಗೆ 354 ಡಾಲರ್. ಜರ್ಮನಿಯಲ್ಲಿ 11.90ರಂತೆ 20 ಪ್ರತಿಗಳಿಗೆ 238 ಡಾಲರ್. ಮೂರನ್ನೂ ಕೂಡಿದರೆ ಒಟ್ಟು ಮಾರಾಟ 992 ಡಾಲರ್. ಸ್ನೇಹಿತರಿಗೆ ಸಂಭ್ರಮದಿಂದ ಹೇಳಿಕೊಳ್ಳುವ ಅಂಕಿ ಇದು, ಆದರೆ ಬಾಡಿಗೆ ಕಟ್ಟಲು ಇದನ್ನು ನಂಬಿಕೊಳ್ಳಬಾರದು.

ವಾಪಸಾದ ಪ್ರತಿಗಳು

ಗೇಮ್ ಕೊಂಡು 14 ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದವರು ಕಾರಣ ಏನೇ ಇದ್ದರೂ ಹಣ ಮರಳಿ ಕೇಳಬಹುದು ಎಂಬುದು ಸ್ಟೀಮ್‌ನ ನಿಯಮ. ಎರಡು ಗಂಟೆಯೊಳಗೆ ಆಡಿ ಮುಗಿಸಬಹುದಾದ ಪುಟ್ಟ ಗೇಮ್ ಮಾಡಿದವರಿಗೆ ಈ ನಿಯಮದ ಬಿಸಿ ಹೆಚ್ಚಾಗಿಯೇ ತಟ್ಟುತ್ತದೆ. ಹೀಗೆ ವಾಪಸಾದ ಮೊತ್ತ, ಹಾಗೂ ಕಾರ್ಡ್ ಮಾಲೀಕರು ಬ್ಯಾಂಕಿನ ಮೂಲಕ ತಕರಾರು ಮಾಡಿ ಹಿಂಪಡೆದ ಮೊತ್ತ, ಎರಡೂ `Chargeback/Returns (USD)` ಕಾಲಂನಲ್ಲಿ ಸೇರುತ್ತವೆ.

ಇಲ್ಲಿ ಗಮನಿಸಬೇಕಾದದ್ದು ವಾಪಸಾತಿಯ ತಿಂಗಳು. ಅಕ್ಟೋಬರ್ 28ರಂದು ಕೊಂಡವರು ನವೆಂಬರ್ 5ರಂದು ಹಿಂತಿರುಗಿಸಿದರೆ ಮಾರಾಟ ಅಕ್ಟೋಬರ್ ಪಟ್ಟಿಯಲ್ಲೂ ವಾಪಸಾತಿ ನವೆಂಬರ್ ಪಟ್ಟಿಯಲ್ಲೂ ಕಾಣುತ್ತದೆ. ದೊಡ್ಡ ರಿಯಾಯಿತಿ ಮಾರಾಟವೊಂದು ತಿಂಗಳ ಕೊನೆಯಲ್ಲಿ ಮುಗಿದರೆ ಮುಂದಿನ ತಿಂಗಳ ಮೊದಲ ವಾರದ ಲೆಕ್ಕ ಕೆಲವೊಮ್ಮೆ ಸೊನ್ನೆಗಿಂತ ಕೆಳಗೆ ಇಳಿಯುವುದೂ ಉಂಟು. ಪಟ್ಟಿಯಲ್ಲಿ ಋಣ ಚಿಹ್ನೆ ಕಂಡ ಕೂಡಲೇ ದೋಷವೆಂದು ತಿಳಿಯಬೇಕಿಲ್ಲ.

ನಮ್ಮ ಅಕ್ಟೋಬರ್‌ನಲ್ಲಿ ಅಮೆರಿಕದಿಂದ 4, ಭಾರತದಿಂದ 5, ಜರ್ಮನಿಯಿಂದ 1 ಪ್ರತಿ ವಾಪಸಾಗಿವೆ. ಕ್ರಮವಾಗಿ 40, 29.50 ಮತ್ತು 11.90 ಡಾಲರ್, ಒಟ್ಟು 81.40. ಉಳಿದದ್ದು 910.60 ಡಾಲರ್.

ಆಟಗಾರರ ತೆರಿಗೆ

ಪಟ್ಟಿಯಲ್ಲಿ ‘ತೆರಿಗೆ’ ಎಂಬ ಮಾತು ಎರಡು ಬೇರೆ ಬೇರೆ ಅರ್ಥಗಳಲ್ಲಿ ಬರುತ್ತದೆ, ಅವೆರಡನ್ನು ಬೆರೆಸಿದರೆ ಮುಂದಿನ ಲೆಕ್ಕವೆಲ್ಲ ಕೆಡುತ್ತದೆ. ಮೊದಲನೆಯದು ಗೇಮ್ ಕೊಂಡವರು ತಮ್ಮ ದೇಶಕ್ಕೆ ಕಟ್ಟುವ ಮಾರಾಟದ ತೆರಿಗೆ; `VAT/Tax (USD)` ಎಂದು ಕಾಣುವುದು ಇದೇ. ಎರಡನೆಯದು ನಿಮ್ಮ ಆದಾಯದಿಂದ ಅಮೆರಿಕ ಸರಕಾರಕ್ಕಾಗಿ ಮುರಿಯುವ ತೆರಿಗೆ. ಅದು ಇನ್ನೂ ಕೆಳಗೆ, ಪಾಲು ಹಂಚಿಕೆಯಾದ ಮೇಲೆ ಬರುತ್ತದೆ. ಮೊದಲನೆಯದು ಎಂದೂ ನಿಮ್ಮದಾಗಿರಲಿಲ್ಲ, ಅದನ್ನು ಭಾರತದಲ್ಲಿ ಮರಳಿ ಪಡೆಯುವ ದಾರಿಯೂ ಇಲ್ಲ. ಎರಡನೆಯದು ನಿಮ್ಮ ಹೆಸರಿನಲ್ಲಿ ಕಟ್ಟಿದ್ದು, ಅದನ್ನು ಇಲ್ಲಿನ ಆದಾಯ ತೆರಿಗೆಯಲ್ಲಿ ವಜಾ ಮಾಡುವಂತೆ ಮನ್ನಣೆ ಕೇಳಬಹುದು.

ಭಾರತದ ಆಟಗಾರರಿಗೆ ತೋರುವ ಬೆಲೆಯಲ್ಲಿ ಶೇ 18 ಜಿಎಸ್‌ಟಿ ಅಡಗಿರುತ್ತದೆ, ಜರ್ಮನಿಯ ಬೆಲೆಯಲ್ಲಿ ಶೇ 19 ವ್ಯಾಟ್. ಬೆಲೆಯೊಳಗೆ ಅಡಗಿದ ತೆರಿಗೆಯನ್ನು ಹೊರತೆಗೆಯುವಾಗ ಬೆಲೆಯನ್ನು 0.18ರಿಂದ ಗುಣಿಸುವುದು ತಪ್ಪು, 1.18ರಿಂದ ಭಾಗಿಸಬೇಕು. 5.90ನ್ನು 1.18ರಿಂದ ಭಾಗಿಸಿದರೆ 5.00 ಗೇಮಿನ ಬೆಲೆ, ಉಳಿದ 0.90 ತೆರಿಗೆ. ಗುಣಿಸಿ ನೋಡಿದವರಿಗೆ 1.06 ಎಂದು ಬಂದು, ಸ್ಟೀಮ್ ತೆರಿಗೆಯನ್ನು ಕಡಿಮೆ ತೋರಿಸಿದೆ ಎಂಬ ಅನುಮಾನ ಶುರುವಾಗುತ್ತದೆ. ಅಮೆರಿಕದ ಕ್ರಮ ಬೇರೆ: ಅಲ್ಲಿ ಮಾರಾಟ ತೆರಿಗೆ ಇದ್ದ ರಾಜ್ಯಗಳಲ್ಲಿ ಅದು ತೋರಿಸಿದ ಬೆಲೆಯ ಮೇಲೆ, ಹಣ ಕಟ್ಟುವ ಹೊತ್ತಿಗೆ ಸೇರುತ್ತದೆ. ಅದು ನಿಮ್ಮ ಪಾಲನ್ನು ಮುಟ್ಟದ ಕಾರಣ ನಮ್ಮ ಉದಾಹರಣೆಯಿಂದ ಅದನ್ನು ಪೂರ್ತಿ ಬಿಟ್ಟಿದ್ದೇನೆ.

ವಾಪಸಾತಿಯ ನಂತರ ಭಾರತದಲ್ಲಿ 55, ಜರ್ಮನಿಯಲ್ಲಿ 19 ಪ್ರತಿಗಳು ಉಳಿದಿವೆ. ಭಾರತದ ತೆರಿಗೆ 49.50, ಜರ್ಮನಿಯದು 36.10, ಒಟ್ಟು 85.60 ಡಾಲರ್. ಇದನ್ನು 910.60ರಿಂದ ಕಳೆದರೆ ನಿವ್ವಳ ಮಾರಾಟ 825 ಡಾಲರ್. ದೇಶವಾರು ನೋಡಿದರೆ ಅಮೆರಿಕ 360, ಭಾರತ 275, ಜರ್ಮನಿ 190. ಈ ಮೂರು ಅಂಕಿಗಳನ್ನು ಬರೆದಿಟ್ಟುಕೊಳ್ಳಿ. ಅದರಲ್ಲೂ ಮೊದಲನೆಯದು ಸ್ವಲ್ಪ ಹೊತ್ತಿನಲ್ಲೇ ಬೇಕಾಗುತ್ತದೆ.

ವೇದಿಕೆಯ ಪಾಲು

ಸ್ಟೀಮ್‌ನ ಮೂವತ್ತು ಪ್ರತಿಶತ ಬರುವುದು ಇಲ್ಲಿ, ಅಂದರೆ ವಾಪಸಾತಿ ಮತ್ತು ಮಾರಾಟ ತೆರಿಗೆ ಎರಡೂ ಕಳೆದ ಮೇಲಿನ 825 ಡಾಲರ್ ಮೇಲೆ. 992ರ ಮೇಲೆ ಅಲ್ಲ. ಸ್ಟೀಮ್‌ನ ಪಾಲು 247.50, ಡೆವಲಪರ್ ಪಾಲು 577.50 ಡಾಲರ್. ಒಂದೇ ಗೇಮಿನ ಗಳಿಕೆ ಒಂದು ಕೋಟಿ ಡಾಲರ್ ದಾಟಿದ ಮೇಲಿನ ಮಾರಾಟಕ್ಕೆ ಈ ಪಾಲು ಶೇ 25ಕ್ಕೂ ಐದು ಕೋಟಿ ದಾಟಿದ ಮೇಲಿನದಕ್ಕೆ ಶೇ 20ಕ್ಕೂ ಇಳಿಯುತ್ತದೆ ಎಂದು ವಾಲ್ವ್ 2018ರಲ್ಲಿ ಪ್ರಕಟಿಸಿತು. ನಮ್ಮಂಥವರು ಅದನ್ನು ತಿಳಿದಿದ್ದರೆ ಸಾಕು, ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ.

ನಿಮ್ಮ ಆದಾಯ ಎಂದು ಕರೆಯಬಹುದಾದ ಮೊದಲ ಅಂಕಿ ಈ 577.50. ಭಾರತದ ಆದಾಯ ತೆರಿಗೆಯ ಲೆಕ್ಕದಲ್ಲಿ ತೋರಿಸಬೇಕಾದದ್ದೂ ಇದನ್ನೇ, ಖಾತೆಗೆ ಬಂದ ಕಡಿಮೆ ಮೊತ್ತವನ್ನಲ್ಲ. ಬ್ಯಾಂಕ್ ಪಾಸ್‌ಬುಕ್ ನೋಡಿ ಆದಾಯ ಬರೆಯುವ ಅಭ್ಯಾಸವಿದ್ದವರು ಅಮೆರಿಕದಲ್ಲಿ ಮುರಿದ ತೆರಿಗೆಯಷ್ಟು ಆದಾಯವನ್ನು ಕಡಿಮೆ ತೋರಿಸಿದಂತಾಗುತ್ತದೆ, ಅದೇ ತೆರಿಗೆಗೆ ಮನ್ನಣೆಯನ್ನೂ ಕೇಳಿದರೆ ಒಂದೇ ಹಣಕ್ಕೆ ಎರಡು ಸಲ ಲಾಭ ಪಡೆದಂತಾಗುತ್ತದೆ. ತೆರಿಗೆ ಇಲಾಖೆಯ ಪತ್ರ ಬರಲು ಇಷ್ಟು ಸಾಕು.

ಅಮೆರಿಕ ಮುರಿಯುವ ತೆರಿಗೆ

ಪಟ್ಟಿಯಲ್ಲಿ ಅತಿ ಹೆಚ್ಚು ಗೊಂದಲ ಹುಟ್ಟಿಸುವ ಸಾಲು ಇದು, ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನಿಸೋಣ. ಅಮೆರಿಕದಲ್ಲಿ ಹುಟ್ಟಿದ ರಾಯಲ್ಟಿ ಆದಾಯವನ್ನು ಹೊರದೇಶದವರಿಗೆ ಕಳುಹಿಸುವಾಗ ಕಳುಹಿಸುವವರು ಶೇ 30 ತೆರಿಗೆ ಮುರಿಯಬೇಕೆಂಬುದು ಅಲ್ಲಿನ ಸಾಮಾನ್ಯ ಕಾನೂನು. ಭಾರತ ಮತ್ತು ಅಮೆರಿಕದ ನಡುವೆ 1989ರಲ್ಲಿ ಸಹಿಯಾದ ತೆರಿಗೆ ಒಪ್ಪಂದದ 12ನೇ ವಿಧಿಯ ಪ್ರಕಾರ ಇಂಥ ಕೃತಿಸ್ವಾಮ್ಯದ ರಾಯಲ್ಟಿಗೆ ಆ ದರ ಶೇ 15ಕ್ಕೆ ಇಳಿಯುತ್ತದೆ. ಆದರೆ ಈ ಇಳಿಕೆ ತಾನಾಗಿ ಸಿಗುವುದಿಲ್ಲ. ನೋಂದಣಿಯ ಹೊತ್ತಿನಲ್ಲಿ ಬರುವ ತೆರಿಗೆ ಪ್ರಶ್ನಾವಳಿಯಲ್ಲಿ ವ್ಯಕ್ತಿಯಾದವರು W-8BEN, ಕಂಪನಿಯಾದರೆ W-8BEN-E ನಮೂನೆಯನ್ನು ತುಂಬಿ, ವಿದೇಶಿ ತೆರಿಗೆ ಗುರುತಿನ ಸಂಖ್ಯೆಯ ಜಾಗದಲ್ಲಿ ಪ್ಯಾನ್ ಕೊಟ್ಟು, ಒಪ್ಪಂದದ ದರವನ್ನು ಕೇಳಿಕೊಳ್ಳಬೇಕು. ಪ್ಯಾನ್ ಜಾಗವನ್ನು ಖಾಲಿ ಬಿಟ್ಟು ಮುಂದೆ ಹೋದವರು ಸುಮ್ಮನೆ ಎರಡು ಪಟ್ಟು ತೆರಿಗೆ ತೆರುತ್ತಾರೆ.

ಈ ತೆರಿಗೆ ಎಲ್ಲ ಆದಾಯಕ್ಕೂ ತಗಲುವುದಿಲ್ಲ, ಅಮೆರಿಕದ ಆಟಗಾರರಿಂದ ಬಂದ ಭಾಗಕ್ಕೆ ಮಾತ್ರ. ಅದರಲ್ಲೂ ಆ ಮಾರಾಟದಲ್ಲಿ ನಿಮ್ಮ ಎಪ್ಪತ್ತು ಪ್ರತಿಶತ ಪಾಲಿಗೆ ಮಾತ್ರ. ನಮ್ಮ ಲೆಕ್ಕದಲ್ಲಿ ಅಮೆರಿಕದ ನಿವ್ವಳ ಮಾರಾಟ 360, ಅದರಲ್ಲಿ ಡೆವಲಪರ್ ಪಾಲು 252, ಅದರ ಶೇ 15 ಎಂದರೆ 37.80 ಡಾಲರ್. ಭಾರತ ಮತ್ತು ಜರ್ಮನಿಯಿಂದ ಬಂದ 325.50 ಡಾಲರ್ ಪಾಲನ್ನು ಈ ಸಾಲು ಮುಟ್ಟುವುದಿಲ್ಲ. 577.50ರಿಂದ 37.80 ಕಳೆದರೆ 539.70, ನವೆಂಬರ್ ಕೊನೆಯಲ್ಲಿ ಬರಬೇಕಾದ ಹಣ ಇದೇ. 992ಕ್ಕೆ ಇದು ಶೇ 54ರಷ್ಟು.

ಪರೀಕ್ಷಿಸುವ ವಿಧಾನ ಸರಳವಾಗಿದೆ. ಸಿಎಸ್‌ವಿ ಕಡತದಲ್ಲಿ `Country Code` ಎಂಬಲ್ಲಿ US ಇರುವ ಸಾಲುಗಳನ್ನಷ್ಟೇ ಸೋಸಿ, ಅವುಗಳ `Net Steam Sales (USD)` ಕೂಡಿ, 0.70ರಿಂದ ಗುಣಿಸಿ, ಪಟ್ಟಿಯಲ್ಲಿ ಮುರಿದ ತೆರಿಗೆಯನ್ನು ಆ ಮೊತ್ತದಿಂದ ಭಾಗಿಸಿ. ಉತ್ತರ 0.15ರ ಹತ್ತಿರ ಬಂದರೆ ಎಲ್ಲವೂ ಸರಿ. 0.30 ಬಂದರೆ ಒಪ್ಪಂದದ ದರ ಅನ್ವಯವಾಗಿಲ್ಲ. ಈ ಉದಾಹರಣೆಯಲ್ಲಾದರೆ 37.80ರ ಬದಲು 75.60 ಮುರಿದಿರುತ್ತದೆ.

ಮೊದಲಿನಿಂದಲೂ 0.30 ಬರುತ್ತಿದ್ದರೆ ನಮೂನೆ ತುಂಬುವಾಗಲೇ ತಪ್ಪಾಗಿದೆ ಎಂದರ್ಥ. ಇಷ್ಟು ದಿನ 0.15 ಇದ್ದು ಜನವರಿಯ ಪಾವತಿಯಿಂದ ಇದ್ದಕ್ಕಿದ್ದಂತೆ 0.30 ಆದರೆ ಮೊದಲು ಸಂಶಯಿಸಬೇಕಾದದ್ದು ನಮೂನೆಯ ಅವಧಿಯನ್ನು. W-8BEN ಸಹಿ ಮಾಡಿದ ವರ್ಷದ ನಂತರದ ಮೂರನೇ ವರ್ಷದ ಡಿಸೆಂಬರ್ 31ರವರೆಗೆ ಮಾತ್ರ ನಡೆಯುತ್ತದೆ. 2025ರ ಮಾರ್ಚ್‌ನಲ್ಲಿ ಸಹಿ ಮಾಡಿದ್ದರೂ ಡಿಸೆಂಬರ್‌ನಲ್ಲಿ ಸಹಿ ಮಾಡಿದ್ದರೂ ಅದು ಮುಗಿಯುವುದು 2028ರ ಡಿಸೆಂಬರ್ 31ಕ್ಕೆ. ನಡುವೆ ವ್ಯಕ್ತಿಯಿಂದ ಪ್ರೈವೇಟ್ ಲಿಮಿಟೆಡ್ ಕಂಪನಿಗೆ ಬದಲಾದವರು ಹಳೆಯ ನಮೂನೆಯನ್ನೇ ನೆಚ್ಚಿ ಕೂರುವಂತಿಲ್ಲ. ಕಂಪನಿಯ ಹೆಸರು, ಕಂಪನಿಯ ಪ್ಯಾನ್ ಮತ್ತು ಕಂಪನಿಯ ಬ್ಯಾಂಕ್ ಖಾತೆ ಮೂರನ್ನೂ ಒಟ್ಟಿಗೆ ಬದಲಾಯಿಸಬೇಕಾಗುತ್ತದೆ.

ಕನಿಷ್ಠ ಪಾವತಿ ಮಿತಿ

ನವೆಂಬರ್‌ನಲ್ಲಿ ಮಾರಾಟ ತಣ್ಣಗಾಯಿತು ಎಂದುಕೊಳ್ಳಿ. ಬಿಡುಗಡೆಯ ಮರುತಿಂಗಳು ಹೀಗಾಗುವುದು ಅಪರೂಪವೇನಲ್ಲ. ಅಮೆರಿಕದಲ್ಲಿ ನಿವ್ವಳ 50, ಭಾರತದಲ್ಲಿ 70, ಒಟ್ಟು 120 ಡಾಲರ್. ಡೆವಲಪರ್ ಪಾಲು 84. ಪಾವತಿಗೆ ಕನಿಷ್ಠ 100 ಡಾಲರ್ ಸೇರಬೇಕಾದ್ದರಿಂದ ಡಿಸೆಂಬರ್ ಕೊನೆಗೆ ಖಾತೆಗೆ ಏನೂ ಬರುವುದಿಲ್ಲ. ಹಣ ಕಳೆದುಹೋಗಿಲ್ಲ, ಮುಂದಿನ ತಿಂಗಳಿಗೆ ಸಾಗಿದೆ ಅಷ್ಟೇ.

ಡಿಸೆಂಬರ್‌ನಲ್ಲಿ ಚಳಿಗಾಲದ ರಿಯಾಯಿತಿ ಮಾರಾಟಕ್ಕೆ ಸೇರಿಕೊಂಡು ಬೆಲೆಯನ್ನು ಶೇ 30 ಇಳಿಸಿದಾಗ ಅಮೆರಿಕದಿಂದ 84, ಭಾರತದಿಂದ 35, ಜರ್ಮನಿಯಿಂದ 21, ಒಟ್ಟು ನಿವ್ವಳ 140 ಡಾಲರ್ ಬಂತು. ಡೆವಲಪರ್ ಪಾಲು 98. ಡಿಸೆಂಬರ್ ಪಟ್ಟಿಯನ್ನು ಮಾತ್ರ ನೋಡಿದವರು ಇದೂ ನೂರಕ್ಕಿಂತ ಕಡಿಮೆ, ಈ ಸಲವೂ ಹಣವಿಲ್ಲ ಎಂದು ತಿಳಿಯಬಹುದು. ಆದರೆ ಮಿತಿಯನ್ನು ನೋಡುವುದು ಬಾಕಿ ಸೇರಿಸಿದ ಮೊತ್ತಕ್ಕೆ. 84 ಮತ್ತು 98 ಕೂಡಿ 182 ಡಾಲರ್ ಆಗಿ ಮಿತಿ ದಾಟಿದೆ. ಎರಡೂ ತಿಂಗಳ ಅಮೆರಿಕದ ನಿವ್ವಳ ಮಾರಾಟ 134, ಅದರಲ್ಲಿ ಪಾಲು 93.80, ಶೇ 15 ತೆರಿಗೆ 14.07. ಹೀಗೆ 2026ರ ಜನವರಿ ಕೊನೆಯಲ್ಲಿ ಬರಬೇಕಾದದ್ದು 167.93 ಡಾಲರ್.

ಆದರೆ ಖಾತೆಗೆ ಕಳುಹಿಸಿದ ಮೊತ್ತ 267.93 ಎಂದಿರುತ್ತದೆ. ಎಲ್ಲಿಂದಲೋ ಬಂದಂತೆ ಕಾಣುವ ಆ ನೂರು ಡಾಲರ್ ಮಾರಾಟದ ಹಣವಲ್ಲ. ಗೇಮನ್ನು ಸ್ಟೀಮ್‌ಗೆ ಸೇರಿಸುವಾಗ ಪ್ರತಿ ಗೇಮಿಗೆ ಕಟ್ಟಿಸಿಕೊಳ್ಳುವ 100 ಡಾಲರ್ ಶುಲ್ಕವನ್ನು, ಆ ಗೇಮಿನ ಹೊಂದಾಣಿಕೆಯಾದ ಒಟ್ಟು ಗಳಿಕೆ, ಅಂದರೆ ವಾಪಸಾತಿ ಮತ್ತು ಮಾರಾಟ ತೆರಿಗೆ ಕಳೆದ ಮೊತ್ತ, 1,000 ಡಾಲರ್ ಮುಟ್ಟಿದ ನಂತರದ ಪಾವತಿಯಲ್ಲಿ ವಾಲ್ವ್ ಹಿಂದಿರುಗಿಸುತ್ತದೆ. ಅಕ್ಟೋಬರ್‌ನ 825, ನವೆಂಬರ್‌ನ 120, ಡಿಸೆಂಬರ್‌ನ 140 ಸೇರಿ 1,085 ಆಗಿದ್ದರಿಂದ ಅದು ಈ ಪಾವತಿಯಲ್ಲಿ ಬಂದಿದೆ. ಶುಲ್ಕ ಕಟ್ಟಿದಾಗ ಅದನ್ನು ಖರ್ಚೆಂದು ಬರೆದಿದ್ದೀರೋ, ಮರಳಿ ಬರಬೇಕಾದ ಠೇವಣಿಯಂತೆ ಬರೆದಿದ್ದೀರೋ ಎಂಬುದರ ಮೇಲೆ ಈಗ ಅದನ್ನು ಪುಸ್ತಕದಲ್ಲಿ ಬರೆಯುವ ಬಗೆ ನಿಲ್ಲುತ್ತದೆ. ಎರಡನೆಯ ಬಗೆಯೇ ನನಗೆ ಹೆಚ್ಚು ನೆಟ್ಟಗೆ ಕಾಣುತ್ತದೆ, ಆದರೆ ಗೇಮ್ ಸಾವಿರ ಡಾಲರ್ ಮುಟ್ಟುತ್ತದೆಂಬ ಭರವಸೆ ಇಲ್ಲದವರು ಮೊದಲನೆಯದನ್ನು ಆರಿಸಿಕೊಳ್ಳುವುದರಲ್ಲಿ ತಪ್ಪಿಲ್ಲ.

ಬ್ಯಾಂಕಿನಲ್ಲಿ ಇಳಿದ ಹಣ

ಪಟ್ಟಿಯ ಕೊನೆಯ ಅಂಕಿಗೂ ಖಾತೆಯಲ್ಲಿ ಕಾಣುವ ರೂಪಾಯಿಗೂ ನಡುವೆ ಇನ್ನೊಂದು ಅಂತರವಿದೆ, ಅದರ ಲೆಕ್ಕ ಸ್ಟೀಮ್ ಪಟ್ಟಿಯಲ್ಲಿ ಸಿಗುವುದಿಲ್ಲ. ಡಾಲರ್ ಹಣ ದೇಶದೇಶಗಳ ಬ್ಯಾಂಕುಗಳನ್ನು ಬೆಸೆಯುವ ಸ್ವಿಫ್ಟ್ ಜಾಲದ ಮೂಲಕ ಬರುವಾಗ ನಡುವಿನ ಬ್ಯಾಂಕೊಂದು ತನ್ನ ಶುಲ್ಕವನ್ನು ಹಿಡಿದುಕೊಳ್ಳಬಹುದು. ನಿಮ್ಮ ಬ್ಯಾಂಕು ಡಾಲರನ್ನು ರೂಪಾಯಿ ಮಾಡುವಾಗ ಮಾರುಕಟ್ಟೆಯ ದರಕ್ಕಿಂತ ಸ್ವಲ್ಪ ಕಡಿಮೆ ದರ ಹಾಕುತ್ತದೆ, ಪರಿವರ್ತನೆಯ ಮೇಲೆ ಜಿಎಸ್‌ಟಿಯನ್ನೂ ಸೇರಿಸುತ್ತದೆ. ಇವುಗಳನ್ನು ಬೇರ್ಪಡಿಸಲು ಬ್ಯಾಂಕಿನಿಂದ ವಿದೇಶಿ ಹಣ ಸ್ವೀಕೃತಿಯ ಸೂಚನಾ ಪತ್ರ ಪಡೆಯಿರಿ. ಅದರಲ್ಲಿ ಬಂದ ಡಾಲರ್ ಮೊತ್ತ, ಹಾಕಿದ ದರ, ಶುಲ್ಕ ಮೂರೂ ಬಿಡಿಬಿಡಿಯಾಗಿ ಇರುತ್ತವೆ. ಡಾಲರ್ ಮೊತ್ತವೇ 539.70ಕ್ಕಿಂತ ಕಡಿಮೆ ಇದ್ದರೆ ಕಡಿತವಾದದ್ದು ದಾರಿಯಲ್ಲಿ. ಡಾಲರ್ ಸರಿಯಾಗಿದ್ದು ರೂಪಾಯಿ ಕಡಿಮೆ ಎನಿಸಿದರೆ ಕಾರಣ ನಿಮ್ಮ ಬ್ಯಾಂಕಿನ ದರ. ಯಾವುದೇ ಆಗಲಿ, ವಾಲ್ವ್‌ಗೆ ಪತ್ರ ಬರೆದು ಪ್ರಯೋಜನವಿಲ್ಲ. ಹಣ ಬಿಡುಗಡೆ ಮಾಡುವ ಮೊದಲು ಬ್ಯಾಂಕಿನವರು ಹಣ ಯಾವುದಕ್ಕಾಗಿ ಬಂತೆಂದು ತಿಳಿಸುವ ಉದ್ದೇಶದ ಕೋಡ್ ಕೇಳುತ್ತಾರೆ; ಮೊದಲ ಸಲ ಯಾವುದನ್ನು ಕೊಟ್ಟಿರೋ ಅದನ್ನು ಬರೆದಿಟ್ಟುಕೊಂಡು ಪ್ರತಿ ಸಲವೂ ಅದನ್ನೇ ಕೊಡುವುದು ಮುಂದೆ ಗೊಂದಲ ತಪ್ಪಿಸುತ್ತದೆ.

ಮುರಿದ ತೆರಿಗೆಗೆ ಇಲ್ಲಿ ಮನ್ನಣೆ

ಅಮೆರಿಕದಲ್ಲಿ ಮುರಿದ 37.80 ಮತ್ತು 14.07, ಒಟ್ಟು 51.87 ಡಾಲರ್ ತೆರಿಗೆಯನ್ನು ಭಾರತದ ಆದಾಯ ತೆರಿಗೆಯಲ್ಲಿ ವಜಾ ಮಾಡಿಕೊಳ್ಳಲು ಅವಕಾಶವಿದೆ. ಆದರೆ ಅದೇ ಆದಾಯಕ್ಕೆ ಇಲ್ಲಿ ಬೀಳುವ ತೆರಿಗೆ ಎಷ್ಟೋ ಅದಕ್ಕಿಂತ ಹೆಚ್ಚಿನ ಮನ್ನಣೆ ಸಿಗುವುದಿಲ್ಲ. ವರ್ಷದ ಆದಾಯ ಕಡಿಮೆ ಇದ್ದು ಇಲ್ಲಿ ಕಟ್ಟಬೇಕಾದ ತೆರಿಗೆಯೇ ಸೊನ್ನೆಯಾದರೆ ಅಲ್ಲಿ ಮುರಿದದ್ದು ಮುರಿದಂತೆಯೇ. ಅದನ್ನು ನಮ್ಮ ಸರಕಾರ ಮರುಪಾವತಿ ಮಾಡುವುದಿಲ್ಲ. ಗೇಮನ್ನೇ ನಂಬಿಕೊಂಡ ಹೊಸಬರಿಗೆ ಇದು ಕಹಿಯಾದ ಸತ್ಯ. ಸಂಬಳದ ಕೆಲಸ ಇಟ್ಟುಕೊಂಡು ಬಿಡುವಿನಲ್ಲಿ ಗೇಮ್ ಮಾಡುವವರಿಗೆ ಮಾತ್ರ ಈ ಮನ್ನಣೆ ಸಾಮಾನ್ಯವಾಗಿ ಪೂರ್ತಿ ದಕ್ಕುತ್ತದೆ.

2025–26ರ ಹಣಕಾಸು ವರ್ಷಕ್ಕೆ 1961ರ ಆದಾಯ ತೆರಿಗೆ ಕಾಯ್ದೆಯೇ ಅನ್ವಯವಾಗುವುದರಿಂದ ಮನ್ನಣೆ ಕೇಳುವುದು ನಿಯಮ 128ರಂತೆ, ಇ-ಫೈಲಿಂಗ್ ಜಾಲತಾಣದ ಫಾರ್ಮ್ 67ರಲ್ಲಿ. 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಜಾರಿಗೆ ಬರುವ ಕಾರಣ ಅದರ ನಂತರದ ಆದಾಯಕ್ಕೆ ನಿಯಮ ಮತ್ತು ಫಾರ್ಮ್‌ಗಳ ಹೊಸ ಸಂಖ್ಯೆಗಳನ್ನೇ ನೋಡಬೇಕು. ಡಾಲರನ್ನು ರೂಪಾಯಿಗೆ ಪರಿವರ್ತಿಸಲು ತೆರಿಗೆ ಮುರಿದ ತಿಂಗಳ ಹಿಂದಿನ ತಿಂಗಳ ಕೊನೆಯ ದಿನದ ಟಿಟಿ ಖರೀದಿ ದರವನ್ನು, ಅಂದರೆ ವರ್ಗಾವಣೆಯಾಗಿ ಬಂದ ಡಾಲರನ್ನು ಕೊಳ್ಳಲು ಪ್ರಕಟಿಸುವ ದರವನ್ನು, ಬಳಸಬೇಕು. ನವೆಂಬರ್‌ನಲ್ಲಿ ಮುರಿದ 37.80ಕ್ಕೆ ಅಕ್ಟೋಬರ್ 31ರ ದರ, ಜನವರಿಯಲ್ಲಿ ಮುರಿದ 14.07ಕ್ಕೆ ಡಿಸೆಂಬರ್ 31ರ ದರ. ಬ್ಯಾಂಕು ನಿಮ್ಮ ಖಾತೆಗೆ ಹಾಕಿದ ದರ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಪುರಾವೆಯಾಗಿ ಅಮೆರಿಕದ 1042-S ಎಂಬ ಪತ್ರ ಬರುತ್ತದೆ. ಅದರ 2ನೇ ಚೌಕದಲ್ಲಿ ತೆರಿಗೆಗೆ ಒಳಪಟ್ಟ ಆದಾಯ, 3b ಚೌಕದಲ್ಲಿ ದರ, 7a ಚೌಕದಲ್ಲಿ ಮುರಿದ ತೆರಿಗೆ ಇರುತ್ತದೆ. 2ನೇ ಚೌಕದಲ್ಲಿ ನಿಮ್ಮ ಪೂರ್ತಿ ಆದಾಯವಲ್ಲದೆ ಅಮೆರಿಕದ ಭಾಗ ಮಾತ್ರ ಇರುವುದನ್ನು ಕಂಡು ಗಾಬರಿಯಾಗಬೇಕಿಲ್ಲ. ನಿಜವಾದ ತೊಡಕು ವರ್ಷದ್ದು: ಈ ಪತ್ರ ಜನವರಿಯಿಂದ ಡಿಸೆಂಬರ್‌ವರೆಗಿನ ಪಾವತಿಗಳಿಗೆ, ನಮ್ಮ ತೆರಿಗೆ ವರ್ಷ ಏಪ್ರಿಲ್‌ನಿಂದ ಮಾರ್ಚ್‌ವರೆಗೆ. 2025ರ ನವೆಂಬರ್ ಪಾವತಿ 2025ರ 1042-Sನಲ್ಲಿ ಸೇರಿ 2026ರ ಮಾರ್ಚ್ 15ರ ಹೊತ್ತಿಗೆ ಕೈಗೆ ಸಿಗುತ್ತದೆ. ಮಿತಿ ಮುಟ್ಟದೆ ಮುಂದೆ ಸಾಗಿದ ನವೆಂಬರ್ ಮಾರಾಟದ ಹಣ ಪಾವತಿಯಾದದ್ದು 2026ರ ಜನವರಿಯಲ್ಲಾದ್ದರಿಂದ ಅದರ ತೆರಿಗೆ ಕಾಣುವುದು 2026ರ 1042-Sನಲ್ಲಿ, ಅದು ಬರುವುದು 2027ರ ಮಾರ್ಚ್‌ಗೆ. ನಮ್ಮಲ್ಲಿ ಮಾತ್ರ ಎರಡೂ ಪಾವತಿಗಳು ಒಂದೇ 2025–26ರ ಲೆಕ್ಕಕ್ಕೆ ಸೇರುತ್ತವೆ, ಅದರ ರಿಟರ್ನ್ ಸಲ್ಲಿಸುವುದು 2026ರಲ್ಲೇ.

ಇದಕ್ಕೆ ದಾರಿ ನಿಯಮ 128ರಲ್ಲಿಯೇ ಇದೆ. ವಿದೇಶಿ ತೆರಿಗೆ ಇಲಾಖೆಯ ಪತ್ರ ಇಲ್ಲದಿದ್ದರೆ ತೆರಿಗೆ ಮುರಿದವರ ಪ್ರಮಾಣಪತ್ರ ನಡೆಯುತ್ತದೆ, ಅದೂ ಇಲ್ಲದಿದ್ದರೆ ತೆರಿಗೆ ಮುರಿದುದಕ್ಕೆ ಪುರಾವೆ ಜೋಡಿಸಿ ನೀವೇ ಸಹಿ ಮಾಡಿದ ಹೇಳಿಕೆಯೂ ನಡೆಯುತ್ತದೆ. ಜನವರಿಯ 14.07 ಡಾಲರ್‌ಗೆ ಆ ಪುರಾವೆ ಎಂದರೆ ವಾಲ್ವ್ ಕೊಟ್ಟ ಪಾವತಿ ಪಟ್ಟಿ, ಅಮೆರಿಕದ ಸಾಲುಗಳನ್ನು ಸೋಸಿದ ನವೆಂಬರ್ ಮತ್ತು ಡಿಸೆಂಬರ್‌ನ ಸಿಎಸ್‌ವಿ ಕಡತಗಳು, ಮತ್ತು ಬ್ಯಾಂಕಿನ ಸ್ವೀಕೃತಿ ಪತ್ರ. ಸಮಯಕ್ಕೆ ರಿಟರ್ನ್ ಸಲ್ಲಿಸಿದವರಿಗೆ ಫಾರ್ಮ್ 67 ಸಲ್ಲಿಸಲು 2027ರ ಮಾರ್ಚ್ 31ರವರೆಗೆ ಅವಕಾಶವಿದ್ದರೂ 1042-Sಗಾಗಿ ಅಲ್ಲಿಯವರೆಗೆ ಕಾಯುವುದು ಜಾಣತನವಲ್ಲ. ಆ ಪತ್ರ ಬರುವುದಕ್ಕೂ ಅವಧಿ ಮುಗಿಯುವುದಕ್ಕೂ ನಡುವೆ ಉಳಿಯುವುದು ಎರಡೇ ವಾರ.